ನಾಲ್ಕು ಟಿಕ್ಕು, ಒಂದೇ ಪೆಟ್ಟು

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯನ ಮಾನಿಟರ್ ಕೆಳಗೆ ಒಂದು ಚೀಟಿ ಅಂಟಿಸಿತ್ತು. ಯಾವುದೋ ಟ್ರೇಡಿಂಗ್ ಕ್ಲಾಸಿನಲ್ಲಿ ಕೊಟ್ಟಿದ್ದು, ನೀಟಾಗಿ ಲ್ಯಾಮಿನೇಟ್ ಮಾಡಿಸಿಟ್ಟುಕೊಂಡಿದ್ದ. ಆಪ್ಷನ್ ಮಾರುವ ಮುಂಚೆ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು, ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ:

1. ಮಾರ್ಜಿನ್ ಸಾಕಷ್ಟಿದೆಯೇ?
2. ಈ ವಾರ ಯಾವುದಾದರೂ ಈವೆಂಟ್ ಇದೆಯೇ?
3. ಆಯ್ದುಕೊಂಡ ಸ್ಟ್ರೈಕ್‌ನಲ್ಲಿ ಲಿಕ್ವಿಡಿಟಿ ಇದೆಯೇ?
4. ಎಕ್ಸಿಟ್ ಲೆವೆಲ್ ನಿರ್ಧರಿಸಿದ್ದೇನೆಯೇ?

ಪುಸ್ತಕ, ಸಿನಿಮಾಗಳಿಗೆಲ್ಲ ವಿಮರ್ಶೆ ಬರೆಯುತ್ತೇವೆ. ನಾಲ್ಕು ಸಾಲಿನ ಈ ಚೀಟಿಗೆ ಯಾರೂ ಬರೆದಂತಿಲ್ಲ. ಆದರೆ ನನಗೆ ಗೊತ್ತಿರುವ ಮಟ್ಟಿಗೆ ಇದನ್ನು ನಂಬಿ ದುಡ್ಡು ಹಾಕಿದವರು ಸುಮಾರು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಸಲ ಚೀಟಿಯನ್ನೇ ಓದೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪ್ರಶ್ನೆಗಳು ತಪ್ಪಲ್ಲ. ಆಪ್ಷನ್ ಮಾರುವವನು ಕೇಳಿಕೊಳ್ಳಬೇಕಾದ್ದು ಇವನ್ನೇ. ತಪ್ಪಿರುವುದು ಎರಡು ಕಡೆ. ಒಂದು, ಇವೆಲ್ಲ "ಹೌದು, ಇಲ್ಲ" ಅನ್ನುವ ಪ್ರಶ್ನೆಗಳಾಗಿರುವುದು. ಇನ್ನೊಂದು, ಇವುಗಳ ಕ್ರಮ. ಎರಡೂ ಸಣ್ಣ ವಿಷಯ ಅನ್ನಿಸಬಹುದು. ಗೆಳೆಯನ ಲೆಕ್ಕ ನೋಡಿ, ಆಮೇಲೆ ಮಾತಾಡೋಣ.

2024ರ ಮೇ 31, ಶುಕ್ರವಾರ. ಲೋಕಸಭೆ ಚುನಾವಣೆಯ ಕೊನೆಯ ಹಂತದ ಮತದಾನ ಮರುದಿನ. ಫಲಿತಾಂಶ ಜೂನ್ 4, ಮಂಗಳವಾರ. ವಾರದ ಎಕ್ಸ್‌ಪೈರಿ ಆಗಿನ್ನೂ ಗುರುವಾರ ಇತ್ತು, ಅಂದರೆ ಜೂನ್ 6. ನಿಫ್ಟಿ 22,530ಕ್ಕೆ ಮುಗಿದಿತ್ತು. ಗೆಳೆಯ ಆ ಎಕ್ಸ್‌ಪೈರಿಯ 23,500 ಕಾಲ್ ಮತ್ತು 21,500 ಪುಟ್ ಎರಡನ್ನೂ ಮಾರಿದ. ಇದಕ್ಕೆ ಸ್ಟ್ರ್ಯಾಂಗಲ್ ಅಂತಾರೆ. ಗುರುವಾರ ನಿಫ್ಟಿ ಈ ಎರಡು ಅಂಚುಗಳ ನಡುವೆ ನಿಂತರೆ ಮಾರಿದವನಿಗೆ ಪ್ರೀಮಿಯಂ ಪೂರ್ತಿ ಉಳಿಯುತ್ತದೆ. ಅಕೌಂಟಿನಲ್ಲಿ 5 ಲಕ್ಷ ಇತ್ತು. ಒಂದು ಲಾಟಿಗೆ ಆಗ 25. ಆರು ಲಾಟ್ ಮಾರಿದ, ಅಂದರೆ ಪ್ರತಿ ಕಡೆ 150. ಪ್ರೀಮಿಯಂ ಮತ್ತು ಮಾರ್ಜಿನ್ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ, ನಿಫ್ಟಿಯ ಅಂಕಿಗಳು ಇದ್ದದ್ದು ಇದ್ದ ಹಾಗೇ. ಪ್ರತಿ ಕಡೆ 100 ರೂಪಾಯಿ ಪ್ರೀಮಿಯಂ, ಲಾಟಿಗೆ 80 ಸಾವಿರ ಮಾರ್ಜಿನ್ ಅಂದುಕೊಳ್ಳಿ.

ಚೀಟಿ ತುಂಬಿದ. ಮಾರ್ಜಿನ್ ಇದೆಯೇ? ಇದೆ, 4 ಲಕ್ಷ 80 ಸಾವಿರ ಬೇಕು, 5 ಲಕ್ಷ ಇದೆ. ಈವೆಂಟ್? ಇದೆ, ಅದಕ್ಕೇ ಅಲ್ವಾ ಪ್ರೀಮಿಯಂ ಇಷ್ಟು ದಪ್ಪ ಇರೋದು. ಲಿಕ್ವಿಡಿಟಿ? ನಿಫ್ಟಿ ವೀಕ್ಲಿ, ಕೇಳೋದೇ ಬೇಡ. ಎಕ್ಸಿಟ್? ಪ್ರೀಮಿಯಂ ದುಪ್ಪಟ್ಟಾದರೆ ಆಚೆ. ನಾಲ್ಕು ಟಿಕ್ಕು.

ಸೋಮವಾರ ನಿಫ್ಟಿ 800 ಅಂಶ ಮೇಲೆಯೇ ತೆರೆಯಿತು. ಯಾಕೆ? ಶನಿವಾರ ಸಂಜೆ ಮತದಾನ ಮುಗಿದ ಕೂಡಲೇ ಎಕ್ಸಿಟ್ ಪೋಲ್ ಬಂದಿತ್ತು. ಮಾರುಕಟ್ಟೆಗೆ ರಜೆ, ಸುದ್ದಿಗೆ ರಜೆ ಇಲ್ಲ. ಗೆಳೆಯನ ಕ್ಯಾಲೆಂಡರಿನಲ್ಲಿ ಈವೆಂಟ್ ಒಂದೇ ಇತ್ತು, ಜೂನ್ 4. ನಿಜಕ್ಕೂ ಇದ್ದದ್ದು ಎರಡು, ಎರಡರ ಸ್ವಭಾವವೂ ಬೇರೆ. ಎಕ್ಸಿಟ್ ಪೋಲ್ ಬರುವಾಗ ಮಾರುಕಟ್ಟೆ ಮುಚ್ಚಿರುತ್ತದೆ. ಅಲ್ಲಿ ಮಧ್ಯೆ ಹೊರಬರುವ ದಾರಿಯೇ ಇಲ್ಲ, ಶುಕ್ರವಾರದ ಬೆಲೆಯಿಂದ ನೇರ ಸೋಮವಾರದ ಬೆಲೆಗೆ ಜಿಗಿತ. ಮತ ಎಣಿಕೆ ಶುರುವಾಗೋದು ಬೆಳಿಗ್ಗೆ 8ಕ್ಕೆ, ಮಾರುಕಟ್ಟೆ ತೆರೆಯೋದು 9.15ಕ್ಕೆ. ಅಲ್ಲಿ ಸುದ್ದಿ ಮಾರುಕಟ್ಟೆ ನಡೆಯುತ್ತಿರುವಾಗಲೇ ತುಣುಕು ತುಣುಕಾಗಿ ಬರುತ್ತದೆ.

ಚೀಟಿಯ ಎರಡನೇ ಪ್ರಶ್ನೆಯ ಮೇಲೆ ನನ್ನ ತಕರಾರು ಇಲ್ಲಿಂದಲೇ. "ಈವೆಂಟ್ ಇದೆಯೇ?" ಅನ್ನೋದು ಅರ್ಧ ಪ್ರಶ್ನೆ. ಸುದ್ದಿ ಬರುವ ಹೊತ್ತಿಗೆ ಮಾರುಕಟ್ಟೆ ತೆರೆದಿರುತ್ತದೋ ಮುಚ್ಚಿರುತ್ತದೋ, ನನ್ನ ಎಕ್ಸ್‌ಪೈರಿ ಆ ಸುದ್ದಿಗೆ ಮುಂಚೆಯೋ ಆಮೇಲೋ ಅಂತ ಕೇಳಿದಾಗಲೇ ಅದು ಪೂರ್ತಿಯಾಗೋದು. ರಿಸರ್ವ್ ಬ್ಯಾಂಕ್ ತನ್ನ ನೀತಿಯನ್ನು ಬೆಳಿಗ್ಗೆ 10ಕ್ಕೆ ಹೇಳುತ್ತದೆ, ಮಾರುಕಟ್ಟೆ ತೆರೆದಿರುತ್ತದೆ. ಅಮೆರಿಕದ ಫೆಡ್ ನಿರ್ಧಾರ ನಮಗೆ ತಲುಪೋದು ನಡುರಾತ್ರಿಯ ಆಸುಪಾಸು, ಮಾರುಕಟ್ಟೆ ಮುಚ್ಚಿರುತ್ತದೆ. ಬಜೆಟ್ ದಿನ ಶನಿವಾರ ಬಿದ್ದರೂ ಮಾರುಕಟ್ಟೆ ತೆರೆಯಬಹುದು, 2025ರ ಫೆಬ್ರವರಿ 1ರಂದು ಹಾಗೇ ಆಯ್ತು. ಮೂರನ್ನೂ "ಈವೆಂಟ್" ಅನ್ನುವ ಒಂದೇ ಚೌಕಕ್ಕೆ ತುಂಬಿದರೆ, ಹೊರಬರೋಕೆ ಬಾಗಿಲು ಎಲ್ಲಿದೆ, ಎಲ್ಲಿಲ್ಲ ಅನ್ನೋ ವ್ಯತ್ಯಾಸವೇ ಮಾಯ.

ಗೆಳೆಯನ ಸೋಮವಾರಕ್ಕೆ ವಾಪಸ್ ಬರೋಣ. ಅವನ ಎಕ್ಸಿಟ್ 200 ರೂಪಾಯಿಗೆ ಇತ್ತು. ಬೆಳಿಗ್ಗೆ ಸ್ಕ್ರೀನ್ ತೆರೆದಾಗ ಕಾಲ್ 240. ದುಪ್ಪಟ್ಟು ಅನ್ನೋ ಬೆಲೆ ಆ ದಿನ ಹುಟ್ಟಲೇ ಇಲ್ಲ. ಈಗ ಏನು ಮಾಡ್ತೀರಿ? ಹೆಚ್ಚಿನವರು ಮಾಡೋದನ್ನೇ ಅವನೂ ಮಾಡಿದ: "ಸ್ವಲ್ಪ ಇಳಿಯಲಿ" ಅಂತ ಕಾದ. ದಿನ ಕಳೆಯುತ್ತಾ ಅದು ಸ್ವಲ್ಪ ಇಳಿಯಿತು ಕೂಡ. ನಿಫ್ಟಿ 23,263ಕ್ಕೆ ಮುಗಿಯಿತು, 23,500 ಮುಟ್ಟಲಿಲ್ಲ. ಅಷ್ಟರಲ್ಲಿ ಕೆಳಗಿನ 21,500 ಪುಟ್ ಬಡವಾಗಿತ್ತು, 40 ರೂಪಾಯಿ. ಅದನ್ನು ಕೊಂಡು ಮುಗಿಸಿ, 9 ಸಾವಿರ ಲಾಭ ಜೇಬಿಗೆ ಹಾಕಿಕೊಂಡು, ಮೇಲಿನ 22,500 ಪುಟ್ಟನ್ನು 100ಕ್ಕೆ ಮಾರಿದ. ಇದಕ್ಕೆ ಅವರ ಕ್ಲಾಸಿನಲ್ಲಿ ಅಡ್ಜಸ್ಟ್‌ಮೆಂಟ್ ಅಂತ ಹೆಸರು.

ನಾನು ಕೇಳಿದೆ, "ಚೀಟಿ ಮತ್ತೆ ತುಂಬಿದ್ಯಾ?"

"ಹೊಸ ಟ್ರೇಡ್ ಅಲ್ವಲ್ಲ ಗುರು, ಹಳೇದನ್ನೇ ಸರಿ ಮಾಡಿದ್ದು."

ನನ್ನ ಪ್ರಕಾರ ಇಡೀ ಕಥೆಯ ಕೇಂದ್ರ ಈ ಉತ್ತರ. ಫಲಿತಾಂಶದ ಹಿಂದಿನ ದಿನ, ಸಾವಿರ ಅಂಶ ಹತ್ತಿರದ ಸ್ಟ್ರೈಕ್‌ನಲ್ಲಿ ಆರು ಲಾಟ್ ಪುಟ್ ಮಾರುವುದು ಹೊಸ ಟ್ರೇಡ್ ಅಲ್ಲದಿದ್ದರೆ ಇನ್ಯಾವುದು ಹೊಸದು? ಚೀಟಿಯ ತಲೆಬರಹ "ಟ್ರೇಡ್‌ಗೆ ಮುಂಚೆ" ಅಂತಿದೆ. ಅಡ್ಜಸ್ಟ್‌ಮೆಂಟಿನ ಬಗ್ಗೆ ಒಂದಕ್ಷರ ಇಲ್ಲ. ಹಾಗಾಗಿ ಅತಿ ದೊಡ್ಡ ಅಪಾಯ ಯಾವ ಚೌಕವನ್ನೂ ದಾಟದೆ ಹಿಂಬಾಗಿಲಿನಿಂದ ಒಳಗೆ ಬಂತು.

ಮಂಗಳವಾರ ಏನಾಯ್ತು ಅಂತ ನಿಮಗೂ ನೆನಪಿರುತ್ತದೆ. ನಿಫ್ಟಿ 21,281ರ ತನಕ ಇಳಿದು, 21,884ಕ್ಕೆ ಮುಗಿಯಿತು. ಒಂದೇ ದಿನದಲ್ಲಿ 1,379 ಅಂಶ, ಹತ್ತಿರ ಹತ್ತಿರ 6 ಶೇಕಡ ನಷ್ಟ. ಗೆಳೆಯ ಆವತ್ತು ಬೆಳಿಗ್ಗೆಯೇ ಪುಟ್ಟಿಗೆ ಸ್ಟಾಪ್ ಲಾಸ್ ಹಾಕಿ, ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋದ. ಟ್ರಿಗರ್ 200, ಲಿಮಿಟ್ 210. ಇದರ ಅರ್ಥ, ಬೆಲೆ 200 ಮುಟ್ಟಿದಾಗ "210ರೊಳಗೆ ಸಿಕ್ಕರೆ ಕೊಂಡುಕೋ" ಅನ್ನೋ ಆರ್ಡರ್ ಹೊರಡುತ್ತದೆ. ಬೆಲೆ ಆ ಹತ್ತು ರೂಪಾಯಿಯ ಕಿಟಕಿಯನ್ನು ಒಂದೇ ನೆಗೆತಕ್ಕೆ ದಾಟಿತು. ಆರ್ಡರ್ ಹೊರಟಿತು, 210ರಲ್ಲಿ ಕೂತಿತು, ಬೆಲೆ ಮೇಲೆ ಹೋಗುತ್ತಲೇ ಇತ್ತು. ಇವನೋ ಮೀಟಿಂಗಿನಲ್ಲಿ ಸ್ಟಾಪ್ ಹೊಡೆದಿರುತ್ತೆ ಅಂದುಕೊಂಡು ನಿರಾಳವಾಗಿದ್ದ.

"ಯಾವ ಬೆಲೆಯಾದರೂ ಸರಿ, ಆಚೆ ಹಾಕು" ಅನ್ನುವ ಮಾರ್ಕೆಟ್ ಸ್ಟಾಪ್ ಯಾಕೆ ಹಾಕಲಿಲ್ಲ ಅಂತ ನೀವು ಕೇಳಬಹುದು. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಆ ಬಗೆಯ ಆರ್ಡರನ್ನು 2021ರ ಸೆಪ್ಟೆಂಬರಿನಲ್ಲೇ ನಿಲ್ಲಿಸಿದೆ. ಅದಕ್ಕೂ ಕಾರಣ ಇತ್ತು: ಖಾಲಿ ಇರುವ ಸ್ಟ್ರೈಕ್‌ನಲ್ಲಿ ಅಂಥ ಆರ್ಡರ್ ಹುಚ್ಚುಹುಚ್ಚು ಬೆಲೆಗೆ ನಡೆದುಹೋಗುತ್ತಿತ್ತು. ಹಾಗಾಗಿ ಈಗ ಆಪ್ಷನ್ ಮಾರುವವನಿಗೆ ಇರುವುದು ಲಿಮಿಟ್ ಸ್ಟಾಪ್ ಒಂದೇ. ಅದರಲ್ಲಿ ಟ್ರಿಗರಿಗೂ ಲಿಮಿಟಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನೋದೇ ನಿಮ್ಮ ನಿಜವಾದ ಎಕ್ಸಿಟ್. 200ಕ್ಕೆ 210 ಸಾಧಾರಣ ದಿನಕ್ಕೆ ಸಾಕು. ಫಲಿತಾಂಶದ ದಿನಕ್ಕೆ 200ಕ್ಕೆ 300 ಬಿಟ್ಟಿದ್ದರೂ ಹೆಚ್ಚಲ್ಲ. "ಎಕ್ಸಿಟ್ ಲೆವೆಲ್ ನಿರ್ಧರಿಸಿದ್ದೇನೆಯೇ?" ಅನ್ನೋ ಪ್ರಶ್ನೆಗೆ ಗೆಳೆಯ ಪ್ರಾಮಾಣಿಕವಾಗಿಯೇ ಹೌದು ಅಂದಿದ್ದ. ಅವನು ನಿರ್ಧರಿಸಿದ್ದು ಎಲ್ಲಿ ಹೊರಡಬೇಕು ಅಂತ. ಎಲ್ಲಿ ತಲುಪುತ್ತೇನೆ ಅಂತ ಯೋಚಿಸಿರಲಿಲ್ಲ.

ಇನ್ನು ಮಾರ್ಜಿನ್. ಕೈಯಲ್ಲಿ ಉಳಿದದ್ದು 20 ಸಾವಿರ. 150 ಪುಟ್ ಮಾರಿದ್ದಾನೆ, ಅಂದರೆ ಪುಟ್ ಒಂದು ರೂಪಾಯಿ ಏರಿದರೆ 150 ರೂಪಾಯಿ ನಷ್ಟ. 20 ಸಾವಿರ ಕರಗೋಕೆ 133 ರೂಪಾಯಿ ಏರಿಕೆ ಸಾಕು. ಸೋಮವಾರದ 9 ಸಾವಿರ, ಕಾಲ್ ಕಡೆ ಬರಬಹುದಾದ 15 ಸಾವಿರ ಎರಡನ್ನೂ ಸೇರಿಸಿದರೂ 300 ರೂಪಾಯಿ ಏರಿಕೆಯನ್ನು ತಡೆಯೋ ಶಕ್ತಿ ಆ ಅಕೌಂಟಿಗಿರಲಿಲ್ಲ. ನಿಫ್ಟಿ 21,281ರಲ್ಲಿದ್ದಾಗ 22,500 ಪುಟ್ಟಿನ ಬರೀ ಮೂಲ ಬೆಲೆಯೇ 1,219. ಇದರ ಮೇಲೆ, ಮಾರುಕಟ್ಟೆ ಹೊಯ್ದಾಡುವಾಗ ಎಕ್ಸ್‌ಚೇಂಜ್ ಕೇಳುವ ಮಾರ್ಜಿನ್ ಕೂಡ ಏರುತ್ತದೆ. ಅದು ದಿನದಲ್ಲಿ ಹಲವು ಸಲ ಹೊಸದಾಗಿ ಲೆಕ್ಕ ಹಾಕುವ ಸಂಖ್ಯೆ. ಶುಕ್ರವಾರ ನೋಡಿದ 80 ಸಾವಿರ ಶುಕ್ರವಾರದ ಬೆಲೆ, ಮಂಗಳವಾರದ್ದಲ್ಲ.

ಮೀಟಿಂಗ್ ಮುಗಿಸಿ ಬಂದಾಗ ಬ್ರೋಕರ್ ಕಡೆಯಿಂದ ಮೆಸೇಜ್ ಮೇಲೆ ಮೆಸೇಜ್. ದುಡ್ಡು ಹಾಕೋಣ ಅಂದರೆ ಎಫ್‌ಡಿ ಮುರಿಯಬೇಕು. ಅಷ್ಟರಲ್ಲಿ ಅವರೇ ಪೊಸಿಷನ್ ಮುಗಿಸಿಬಿಟ್ಟರು. ಪುಟ್ ಸರಾಸರಿ 1,050ಕ್ಕೆ ಕೊಂಡಿದ್ದರು. 950 ರೂಪಾಯಿ ನಷ್ಟ, 150ರಿಂದ ಗುಣಿಸಿದರೆ 1 ಲಕ್ಷ 42 ಸಾವಿರದ 500. ಕಾಲ್ 5 ರೂಪಾಯಿಗೆ ಮುಗಿದು 14,250 ಲಾಭ, ಹಿಂದಿನ ದಿನದ 9 ಸಾವಿರ. ಎಲ್ಲ ಕಳೆದು ನಿವ್ವಳ ನಷ್ಟ 1,19,250. ಅಕೌಂಟಿನ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ.

ಹೊಟ್ಟೆ ಉರಿಸೋ ವಿಷಯ ಇನ್ನೂ ಬಾಕಿ ಇದೆ. ಜೂನ್ 6ರ ಗುರುವಾರ ನಿಫ್ಟಿ 22,821ಕ್ಕೆ ಮುಗಿಯಿತು. 22,500 ಪುಟ್ ಸೊನ್ನೆ. 23,500 ಕಾಲ್ ಸೊನ್ನೆ. ಸುಮ್ಮನೆ ಹಿಡಿದುಕೊಂಡಿದ್ದವನಿಗೆ 39 ಸಾವಿರ ಲಾಭ ಆಗುತ್ತಿತ್ತು. ಗೆಳೆಯ ಇವತ್ತಿಗೂ ಹೇಳೋದು ಒಂದೇ ಮಾತು: "ಇನ್ನೊಂದೆರಡು ಲಕ್ಷ ಮಾರ್ಜಿನ್ ಇದ್ದಿದ್ರೆ ಗೆದ್ದಿದ್ದೆ ಕಣೋ."

ಈ ಪಾಠವನ್ನು ನಾನು ಒಪ್ಪೋದಿಲ್ಲ. ಮಂಗಳವಾರ ಮಧ್ಯಾಹ್ನ ನಿಂತು ನೋಡಿದವನಿಗೆ ಗುರುವಾರದ 22,821 ಕಾಣುತ್ತಿರಲಿಲ್ಲ, ಅದು 20,500 ಆಗುವ ಸಾಧ್ಯತೆಯೂ ಅಷ್ಟೇ ಇತ್ತು. ಆಗ ಹೆಚ್ಚುವರಿ ಎರಡು ಲಕ್ಷವೂ ಹೋಗುತ್ತಿತ್ತು. ಮಾರ್ಜಿನ್ ಅನ್ನೋದು ನೀವು ಕೈ ಎತ್ತಿದರೆ ಎಕ್ಸ್‌ಚೇಂಜಿಗೆ ಪೆಟ್ಟು ಬೀಳದಿರಲಿ ಅಂತ ಹಿಡಿದಿಟ್ಟುಕೊಳ್ಳುವ ದುಡ್ಡು. ನೀವೆಷ್ಟು ಕಳೆದುಕೊಳ್ಳಬಹುದು ಅಂತ ಅದು ಹೇಳೋದಿಲ್ಲ. ಆದರೂ ಚೀಟಿಯಲ್ಲಿ ಮೊದಲ ಪ್ರಶ್ನೆ ಅದೇ. ಅದು ಮೊದಲಿರೋದರಿಂದ ಓದುವವನ ತಲೆಯಲ್ಲಿ ಲೆಕ್ಕ ಹೀಗೆ ಓಡುತ್ತದೆ: ದುಡ್ಡೆಷ್ಟಿದೆ, ಅದರಲ್ಲಿ ಎಷ್ಟು ಲಾಟ್ ಬರುತ್ತದೆ. ಆರು ಲಾಟ್ ಬಂದಿದ್ದು ಹಾಗೇ.

ಕ್ರಮ ತಿರುಗಿಸಿ ನೋಡಿ. ಮೊದಲು ಎಕ್ಸಿಟ್, ಅದೂ ರೂಪಾಯಿಯಲ್ಲಿ: ಈ ಒಂದು ಟ್ರೇಡಿನಲ್ಲಿ ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ? 5 ಲಕ್ಷದಲ್ಲಿ 25 ಸಾವಿರ ಅನ್ನೋಣ. ಎರಡನೆಯದು ಈವೆಂಟ್: ಮಧ್ಯೆ ಬಾಗಿಲಿಲ್ಲದ ಜಿಗಿತ ಎಷ್ಟಿರಬಹುದು? ಚುನಾವಣೆ ಫಲಿತಾಂಶಕ್ಕೆ 6 ಶೇಕಡ ಅಂದುಕೊಳ್ಳಿ. ಶುಕ್ರವಾರದ 22,530ರಿಂದ ಅದು ಸುಮಾರು 1,350 ಅಂಶ, ಅಂದರೆ 21,180. ಅಲ್ಲಿ 21,500 ಪುಟ್ಟಿನ ಮೂಲ ಬೆಲೆ 320. ಉಳಿದ ದಿನಗಳಿಗೆ, ಗಾಬರಿಗೆ ಅಂತ ಇನ್ನೊಂದು 200 ಸೇರಿಸಿ, 520. ನೂರಕ್ಕೆ ಮಾರಿದ್ದು, ನಷ್ಟ 420. ಒಂದು ಲಾಟಿಗೆ 10,500. 25 ಸಾವಿರದಲ್ಲಿ ಎರಡು ಲಾಟ್. ಎರಡು ಲಾಟಿಗೆ ಮಾರ್ಜಿನ್ 1 ಲಕ್ಷ 60 ಸಾವಿರ, ಕೈಯಲ್ಲಿ 3 ಲಕ್ಷ 40 ಸಾವಿರ ಉಳಿಯಿತು. ಮಾರ್ಜಿನ್ ಪ್ರಶ್ನೆಗೆ ಬರೋ ಹೊತ್ತಿಗೆ ಅದಕ್ಕೆ ಉತ್ತರ ಆಗಲೇ ಸಿಕ್ಕಿರುತ್ತದೆ. ಇದೇ ಲೆಕ್ಕವನ್ನು ಸೋಮವಾರದ 22,500 ಪುಟ್ಟಿಗೆ ಹಾಕಿದರೆ ಲಾಟಿಗೆ 17-18 ಸಾವಿರ ನಷ್ಟ ಬರುತ್ತದೆ, ಒಂದೇ ಲಾಟ್. ಗೆಳೆಯ ಮಾರಿದ್ದು ಆರು.

ಲಿಕ್ವಿಡಿಟಿಯ ಪ್ರಶ್ನೆಗೂ ಒಂದು ತಿದ್ದುಪಡಿ ಬೇಕು. ಚೀಟಿ ಕೇಳೋದು ನೀವು ಒಳಗೆ ಹೋಗುವ ಸ್ಟ್ರೈಕಿನ ಬಗ್ಗೆ. 21,500 ಪುಟ್ಟಿನಲ್ಲಿ ಶುಕ್ರವಾರ ಕೊಳ್ಳುವವರು, ಮಾರುವವರು ಬೇಕಾದಷ್ಟಿದ್ದರು, ನಿಜ. ಆದರೆ ನೀವು ಓಡಿಹೋಗುವ ದಿನ ಅದೇ ಸ್ಟ್ರೈಕ್ ಬೇರೆ ಜಾಗದಲ್ಲಿ ಇರುತ್ತದೆ, ಮಾರುಕಟ್ಟೆ ಅದನ್ನು ದಾಟಿ ಹೋಗಿರುತ್ತದೆ. ಆ ಜಾಗ ಹೇಗಿರುತ್ತದೆ ಅಂತ ಇವತ್ತೇ ನೋಡಬಹುದು. ನಿಫ್ಟಿ ಈಗಿರುವ ಜಾಗಕ್ಕಿಂತ ಸಾವಿರ ಅಂಶ ಮೇಲಿನ ಸ್ಟ್ರೈಕಿನ ಪುಟ್ ತೆರೆದು, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಎಷ್ಟು ಅಂತರ ಇದೆ ನೋಡಿ. ಹತ್ತಿರದ ಸ್ಟ್ರೈಕಿನಲ್ಲಿ ಪೈಸೆಗಳಲ್ಲಿರುವ ಅಂತರ ಅಲ್ಲಿ ರೂಪಾಯಿಗಳಲ್ಲಿರುತ್ತದೆ. ಅದೂ ಶಾಂತವಾದ ದಿನದ ಅಂತರ. ಗಲಾಟೆ ದಿನ ಅದರ ಹಲವು ಪಟ್ಟು ಅಂದುಕೊಂಡು ಲಿಮಿಟ್ ಇಡಿ.

ಜಿಗಿತದಲ್ಲೂ ಕೆಲಸ ಮಾಡುವ, ಎದುರಿಗೆ ಯಾರಾದರೂ ಮಾರುವವರು ಸಿಗಲಿ ಅಂತ ಕಾಯಬೇಕಿಲ್ಲದ ಸ್ಟಾಪ್ ಒಂದೇ: ಮೊದಲೇ ಕೊಂಡಿಟ್ಟ ದೂರದ ಆಪ್ಷನ್. ಸೋಮವಾರ 40 ರೂಪಾಯಿ ಇದ್ದ 21,500 ಪುಟ್ಟನ್ನು ಮಾರಿದ್ದರ ಲೆಕ್ಕ ಮುಗಿಸೋಕೆ ಹೇಗೂ ಕೊಂಡಿದ್ದ. ಅಷ್ಟೇ ಸಂಖ್ಯೆಯಲ್ಲಿ ಇನ್ನೊಮ್ಮೆ ಕೊಂಡಿದ್ದರೆ, 22,500ರ ನಷ್ಟ ಎಷ್ಟೇ ಕುಸಿದರೂ ಎಕ್ಸ್‌ಪೈರಿಯ ಲೆಕ್ಕದಲ್ಲಿ 940 ರೂಪಾಯಿಗೆ ನಿಲ್ಲುತ್ತಿತ್ತು. 940 ಕಡಿಮೆಯೇನಲ್ಲ. ಆರು ಲಾಟಿಗೆ ಅದೂ 1 ಲಕ್ಷ 41 ಸಾವಿರ. ಹಾಗಾಗಿ ಇದು ಲಾಟ್ ಸಂಖ್ಯೆಯ ಲೆಕ್ಕಕ್ಕೆ ಬದಲಿ ಅಲ್ಲ. ಇನ್ನೊಂದು ಮೋಸ ಇಲ್ಲೇ ಇದೆ: ಹೀಗೆ ಕೊಂಡರೆ ಎಕ್ಸ್‌ಚೇಂಜ್ ಕೇಳುವ ಮಾರ್ಜಿನ್ ಇಳಿಯುತ್ತದೆ, ಇಳಿದ ಮಾರ್ಜಿನ್ನಿನಲ್ಲಿ ಇನ್ನಷ್ಟು ಲಾಟ್ ಮಾರೋ ಆಸೆ ಹುಟ್ಟುತ್ತದೆ. ಮತ್ತೆ ಹೊರಬರುವಾಗ ಮಾರಿದ್ದನ್ನು ಮೊದಲು ಮುಗಿಸಿ, ಕೊಂಡಿದ್ದನ್ನು ಆಮೇಲೆ. ಉಲ್ಟಾ ಮಾಡಿದರೆ ರಕ್ಷಣೆ ಹೋದ ಕ್ಷಣಕ್ಕೆ ಮಾರ್ಜಿನ್ ನೆಗೆಯುತ್ತದೆ.

ಕೊನೆಯದಾಗಿ, ಈ ಚೀಟಿಯನ್ನು ಲ್ಯಾಮಿನೇಟ್ ಮಾಡಿದ್ದೇ ತಪ್ಪು ಅಂತ ನನಗನ್ನಿಸುತ್ತದೆ. ಆ ಜೂನ್‌ನಿಂದ ಈಚೆಗೆ ನಿಯಮಗಳೇ ಎಷ್ಟು ಬದಲಾದವು ನೋಡಿ. 2024ರ ನವೆಂಬರಿನಲ್ಲಿ ನಿಫ್ಟಿ ಲಾಟ್ 25ರಿಂದ 75ಕ್ಕೆ ಹೋಯ್ತು. ಎಕ್ಸ್‌ಪೈರಿ ದಿನ ಮಾರಿದ ಆಪ್ಷನ್‌ಗಳಿಗೆ ಸೆಬಿ 2 ಶೇಕಡ ಹೆಚ್ಚುವರಿ ಮಾರ್ಜಿನ್ ಹಾಕಿತು. 2025ರ ಸೆಪ್ಟೆಂಬರಿನಿಂದ ವಾರದ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತು. ಇವತ್ತಿನ ಸಂಖ್ಯೆಯನ್ನು ಇವತ್ತೇ ಬರೆಯಬೇಕು, ಪೆನ್ಸಿಲ್ಲಿನಲ್ಲಿ.

ಇದನ್ನೆಲ್ಲ ಗೆಳೆಯನಿಗೆ ಹೇಳಿದ್ದೇನೆ. ಅವನು ಪೂರ್ತಿ ಒಪ್ಪಿಲ್ಲ, "ಎರಡು ಲಾಟ್ ಮಾರೋಕೆ ಟ್ರೇಡಿಂಗ್ ಯಾಕೆ, ಎಫ್‌ಡಿನೇ ಇಡಬಹುದಲ್ಲ" ಅಂತಾನೆ. ಅದು ಒಳ್ಳೆಯ ಪ್ರಶ್ನೆಯೇ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ ಅಂತ ಸೆಬಿಯೇ ಹೇಳಿದೆ. ಲೆಕ್ಕ ಹಾಕಿದ ಮೇಲೆ ಒಂದು ಲಾಟೂ ಬಾರದಿದ್ದರೆ, ಆ ವಾರ ಚೀಟಿ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಹಳೇ ಚೀಟಿಯಲ್ಲಿ ಆ ಉತ್ತರ ಬರೋಕೆ ಜಾಗವೇ ಇರಲಿಲ್ಲ.

ಮಾನಿಟರ್ ಕೆಳಗೆ ಈಗ ಪೋಸ್ಟ್‌ಇಟ್ ಒಂದಿದೆ. ಮೇಲೆ ಅವನದೇ ಅಕ್ಷರದಲ್ಲಿ ಒಂದು ಸಾಲು: "ಎಷ್ಟು ಹೋದರೆ ಸಾಕು?" ಅದರ ಮುಂದೆ ಚೌಕ ಇಲ್ಲ. ಸಂಖ್ಯೆ ಬರೆಯೋಕೆ ಖಾಲಿ ಜಾಗ ಬಿಟ್ಟಿದ್ದಾನೆ.